ದಿಂಬಿಗಿಂತ ಮೊದಲು ಬಂದ ನಗು

ಹಿಮ ಬೀಳುವ ದೇಶದ ಹೆಂಗಸೊಬ್ಬಳು ಎರಡು ವಾರದಿಂದ ನಮ್ಮ ಸ್ಟುಡಿಯೋದ ಪರದೆಯ ಮೇಲೆ ತನ್ನ ಮಂಡಿ ತಟ್ಟಿ ತೋರಿಸುತ್ತಿದ್ದಳು. ಬೆಳ್ಳಗಿನ ಗಿಡ್ಡ ಕೂದಲು, ಅಗಲವಾದ ಭುಜ, ಕಣ್ಣಿನಲ್ಲಿ ತುಂಟತನ. ಅವಳು ಫಿಸಿಯೋಥೆರಪಿಸ್ಟ್, ತನ್ನ ಮಂಡಿಯ ಕೀಲನ್ನೂ ಬದಲಾಯಿಸಿಕೊಂಡವಳು. ಅಂಥದೇ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರು ಹೇಗೆ ಕೂರಬೇಕು, ಹೇಗೆ ಏಳಬೇಕು, ಕಾಲನ್ನು ಹೇಗೆ ಚಾಚಬೇಕು ಎಂದು ಹೇಳಿಕೊಡುವ ವಿಡಿಯೋ ಅದು. ಮಾತಿಗೊಂದು ಹಾಸ್ಯ ಸೇರಿಸುತ್ತಾಳೆ. ಅವಳ ದೇಶದಲ್ಲಿ ರೋಗಿಗಳು ಅದನ್ನು ನೋಡಿ ನಗುತ್ತಾರಂತೆ, ನಗುತ್ತ ನಗುತ್ತ ಕಾಲು ಚಾಚುತ್ತಾರಂತೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು.

ಅಲ್ಲಿಯವರೆಗೆ ನಾನು ಬೇರೆಯವರು ಬರೆದ ಉಪಶೀರ್ಷಿಕೆಗಳ ತಪ್ಪು ತಿದ್ದುತ್ತಿದ್ದವಳು. ಇದು ನನ್ನ ಕೈಗೇ ಪೂರ್ತಿಯಾಗಿ ಕೊಟ್ಟ ಮೊದಲ ಸ್ಕ್ರಿಪ್ಟ್. ವಿಡಿಯೋವನ್ನು ಬಳಸಲಿರುವ ಆಸ್ಪತ್ರೆಯ ಷರತ್ತು ಸ್ಪಷ್ಟವಾಗಿತ್ತು. ಮೊದಲು ಹತ್ತು ರೋಗಿಗಳಿಗೆ ತೋರಿಸುತ್ತೇವೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಏನು ತಿಳಿಯಿತು ಎಂದು ಕೇಳುತ್ತೇವೆ. ತಿಳಿಯದಿದ್ದರೆ ಹಾಸ್ಯವನ್ನೆಲ್ಲ ಕಿತ್ತುಹಾಕಿ, ಪದಕ್ಕೆ ಪದ ಹೇಳುವ ಒಣ ಪ್ರತಿಯನ್ನೇ ಹಾಕುತ್ತೇವೆ. ಮುಂದೆ ಬರಲಿರುವ ಭುಜ, ಸೊಂಟ, ಬೆನ್ನಿನ ವಿಡಿಯೋಗಳೂ ಹಾಗೇ ಒಣಗುತ್ತವೆ. ನಾನು ಮತ್ತೆ ಉಪಶೀರ್ಷಿಕೆಗಳ ಒತ್ತಕ್ಷರ ನೋಡುತ್ತ ಕೂರಬೇಕಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದದ್ದನ್ನು ಮೊದಲು ಕೇಳಿಸಿಕೊಳ್ಳುವುದು ನನ್ನ ಸ್ವಭಾವ.

ಸ್ಕ್ರಿಪ್ಟಿನಲ್ಲಿ ಕೆಲವು ಸಾಲುಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಅವು ವೈದ್ಯರ ಮಾತುಗಳು, ಆಸ್ಪತ್ರೆಯವರೇ ಒಪ್ಪಿಕೊಟ್ಟ ಕನ್ನಡ. ಅವುಗಳ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಉಳಿದದ್ದು ನನ್ನದು. ಆದರೆ ಚಿತ್ರವನ್ನು ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ. ಎಲ್ಲ ಭಾಷೆಗಳಿಗೂ ಒಂದೇ ಚಿತ್ರ. ಅವಳು ಬಾಯಿ ತೆರೆದಾಗ ನನ್ನ ಮಾತು ಶುರುವಾಗಬೇಕು, ಮುಚ್ಚಿದಾಗ ಮುಗಿಯಬೇಕು. ತುಟಿ ಕೂಡಿಸಿದ ಕಡೆ ಪ, ಬ, ಮ ಅಕ್ಷರಗಳಲ್ಲಿ ಒಂದು ಬಂದರೆ ನನ್ನ ಅದೃಷ್ಟ.

ಇಷ್ಟಾದ ಮೇಲೆ ಹಾಸ್ಯ. ಗಂಡನಿಗೆ ವ್ಯಾಯಾಮ ಮಾಡು ಎನ್ನುವುದು ಹಿಮ ಗುಡಿಸುವ ಗಾಡಿಗೆ ಬುದ್ಧಿ ಹೇಳಿದ ಹಾಗೆ ಎಂದು ಅವಳು ಒಂದು ಕಡೆ ಹೇಳುತ್ತಾಳೆ. ಹಿಮ ಗುಡಿಸುವ ಗಾಡಿಯನ್ನು ನಾನು ನೋಡಿಲ್ಲ, ನನ್ನ ಪ್ರೇಕ್ಷಕರೂ ನೋಡಿಲ್ಲ. ನಾನು ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ಬರೆದೆ. ನಾವು ಬದಲಾಯಿಸಿದ ಪ್ರತಿ ಮಾತನ್ನೂ ಇನ್ನೊಬ್ಬರು ವಿಡಿಯೋ ಮಾಡಿದ ಸಂಸ್ಥೆಯ ಭಾಷೆಗೆ ತಿರುಗಿಸಿ ಕಳಿಸುತ್ತಾರೆ. ಪಕ್ಕದಲ್ಲಿ ನಾನು ಕಾರಣ ಬರೆಯಬೇಕು. ಎರಡು ದಿನ ಬಿಟ್ಟು ಉತ್ತರ ಬಂತು: ‘ರೋಗಿ ನಡೆಯುವ ಜಾಗದಲ್ಲಿ ಕೋಣ ಇದ್ದರೆ ಎಡವಿ ಬೀಳುವ ಅಪಾಯವಿಲ್ಲವೇ? ಕೋಣವನ್ನು ಬೇರೆ ಕೋಣೆಗೆ ಕಳಿಸಬಹುದೇ?’

ನಾನು ಆ ಮಿಂಚಂಚೆಯನ್ನು ಮೂರು ಸಲ ಓದಿ, ನನ್ನಿಂದ ಏನು ಅನಾಹುತವಾಯಿತೋ ಎಂದು ಬೆವತೆ. ಧ್ವನಿಮುದ್ರಣ ಮಾಡುವವನು ನನ್ನ ಭುಜದ ಮೇಲಿಂದ ಬಗ್ಗಿ ಓದಿದ. ಗಾಜಿನ ಆಚೆ ಪಿಸುಗುಟ್ಟಿದ್ದೂ ಅವನಿಗೆ ಕೇಳುತ್ತದೆಂದು ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಾರೆ.

“ಮೇಡಂ, ಕೋಣ ಬಾಡಿಗೇದಲ್ಲ, ಸ್ವಂತದ್ದು ಅಂತ ಬರೀರಿ” ಎಂದ.

“ಸುಮ್ನಿರಪ್ಪ. ಅವ್ರು ಸಿಟ್ಟಾದ್ರೆ?”

“ಕೋಣ ಸಿಟ್ಟಾಗದೇ ಇದ್ರೆ ಸಾಕು.”

ಅದೊಂದು ಗಾದೆ, ಅಲ್ಲಿ ನಿಜವಾದ ಪ್ರಾಣಿಯಿಲ್ಲ ಎಂದು ಅರ್ಧ ಪುಟ ಬರೆದು ಕಳಿಸಿದೆ. ಕೋಣ ಉಳಿಯಿತು.

ನನ್ನನ್ನು ಸತಾಯಿಸಿದ್ದು ದಿಂಬಿನ ಜಾಗ. ಆ ವಿಡಿಯೋದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಂಪು ಸಾಲು ಅಲ್ಲಿದೆ: ‘ದಿಂಬನ್ನು ಮಂಡಿಯ ಕೆಳಗೆ ಇಡಬೇಡಿ. ಹಿಮ್ಮಡಿಯ ಕೆಳಗೆ ಇಡಿ.’ ಮಂಡಿಯ ಕೆಳಗೆ ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಮಡಚಿಕೊಂಡೇ ಇರುವುದನ್ನು ಕಲಿತುಬಿಡುತ್ತದೆ, ಆಮೇಲೆ ಪೂರ್ತಿ ನೆಟ್ಟಗಾಗುವುದಿಲ್ಲ. ಇದಕ್ಕೆ ಸ್ವಲ್ಪ ಮುಂಚೆ ಅವಳು, ‘ಮೊದಲ ಹಿಮಕ್ಕೆ ಮುಂಚೆ ಕಾರಿಗೆ ಹೊದಿಸುವ ಹಾಗೆ ನನ್ನ ಗಂಡ ನನಗೆ ಹೊದಿಸಿ ಹೊದಿಸಿ ಇಟ್ಟ’ ಎನ್ನುತ್ತಾಳೆ. ಕಾರನ್ನು ಮಳೆಗೆ ಬಿಟ್ಟು ಅಭ್ಯಾಸವಿರುವ ನಮ್ಮವರಿಗೆ ಇದರಲ್ಲಿ ನಗುವಂಥದ್ದೇನಿದೆ? ಬಿಟ್ಟುಬಿಡೋಣವೆಂದರೆ ಅವಳ ಬಾಯಿ ಆಡುತ್ತಿದೆ, ಕೊನೆಗೆ ಒಂದು ತುಂಟ ನಗೆಯನ್ನೂ ನಗುತ್ತಾಳೆ. ನಗುವ ಮುಖಕ್ಕೆ ನಗಿಸುವ ಮಾತು ಬೇಕೇ ಬೇಕು.

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಇದನ್ನು ಹೇಳಲು ಈಗಲೂ ಸ್ವಲ್ಪ ಅಂಜಿಕೆ.

ನಮ್ಮ ಅತ್ತೆಗೂ ಅದೇ ಆಸ್ಪತ್ರೆಯಲ್ಲಿ ಮಂಡಿಯ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ನನ್ನ ನಾದಿನಿ, ಗಂಡನ ತಂಗಿ, ಬಂದಿದ್ದಳು. ಬಾಗಿಲಲ್ಲೇ “ಏಳ್ಬೇಡಮ್ಮ, ಏಳ್ಬೇಡ!” ಎಂದು ಕೂಗುತ್ತ ಬಂದವಳು ಅತ್ತೆಯ ಮಂಚದ ಕಾಲ್ದೆಸೆಯಲ್ಲಿ ಕೂತಳು. ಅತ್ತೆ ಆಗಲೇ ಊರುಗೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದರು. ನಾದಿನಿ ಮಾತ್ರ ಆ ಮಂಚ ಬಿಟ್ಟು ಏಳಲಿಲ್ಲ. ಕೂತಲ್ಲೇ ಎಲ್ಲರ ಕಥೆ ಹೇಳುತ್ತಿದ್ದಳು, ಕೂತಲ್ಲೇ ಅಮ್ಮನ ಮಂಡಿಯ ಕೆಳಗೆ ದಿಂಬು ತೂರಿಸುತ್ತಿದ್ದಳು. ನಾನು ಬೆಳಿಗ್ಗೆ ಅದನ್ನು ಹಿಮ್ಮಡಿಗೆ ಸರಿಸಿ ಹೋದರೆ ಸಂಜೆಯ ಹೊತ್ತಿಗೆ ಮತ್ತೆ ಮಂಡಿಗೆ ಬಂದಿರುತ್ತಿತ್ತು.

“ಆಸ್ಪತ್ರೇಲೂ ಹೇಳಿದ್ದಾರೆ ಕಣೇ, ಅಲ್ಲಿಡಬಾರ್ದು” ಎಂದೆ ಒಮ್ಮೆ.

“ನೀವು ಓದಿ ಹೇಳ್ತೀರಿ ಅತ್ತಿಗೆ. ನಾನು ಅಮ್ಮನ ಮುಖ ನೋಡಿ ಹೇಳ್ತೀನಿ. ನೋಡಿ, ಎಷ್ಟು ಹಾಯಾಗಿದೆ!”

ಅತ್ತೆ ಇಬ್ಬರ ಮುಖವನ್ನೂ ನೋಡಿ ಕಣ್ಣು ಮುಚ್ಚಿಕೊಂಡರು. ಮಗಳೂ ಬೇಕು, ಸೊಸೆಯೂ ಬೇಕು, ನಿದ್ದೆಯೇ ಲೇಸು.

ಮರುದಿನ ಸ್ಟುಡಿಯೋಗೆ ಹೋಗಿ ಬರೆದೆ: ‘ನನ್ನ ಆಪರೇಷನ್ ಆದಾಗ ನಮ್ಮ ನಾದಿನಿ ಬಂದ್ಲು, “ಏಳ್ಬೇಡ ಅತ್ತಿಗೆ, ಏಳ್ಬೇಡ!” ಅಂತ. ವಾರಕ್ಕೆ ನಾನು ಎದ್ದೆ. ಒಂದು ತಿಂಗಳಾದ್ರೂ ಏಳಲೇ ಇಲ್ಲ, ಅವಳು!’

ಅವಳು ಎನ್ನುವಲ್ಲಿ ಪರದೆಯ ಹೆಂಗಸು ಸರಿಯಾಗಿ ತುಂಟ ನಗೆ ನಕ್ಕಳು, ನನ್ನ ನಾದಿನಿಯನ್ನು ಕಂಡವಳ ಹಾಗೆ.

ಆ ಹೆಂಗಸಿಗೆ ಕನ್ನಡದ ಧ್ವನಿ ಕೊಟ್ಟವರು ನಾಟಕಗಳಲ್ಲಿ ಬಾಳೆಲ್ಲ ಅತ್ತೆಯ ಪಾತ್ರ ಮಾಡಿದ ಹಿರಿಯರು. ನಾವು ಅವರನ್ನು ಕಂಠಮ್ಮ ಎನ್ನುತ್ತೇವೆ. ಅವರು ಆ ಸಾಲು ಓದಿ ಹಾಳೆಯಿಂದ ಮುಖ ಮುಚ್ಚಿಕೊಂಡು ನಕ್ಕರು. ಮೊದಲ ಮೂರು ಸಲ ಮುದ್ರಣವೇ ಆಗಲಿಲ್ಲ.

“ಯಾರಮ್ಮಾ ಈ ನಾದಿನಿ? ನಿಮ್ಮನೇಲಿ ಇದ್ದಾಳಾ?”

“ಅಯ್ಯೋ, ಇಲ್ಲಮ್ಮ. ಸುಮ್ನೆ ಕಲ್ಪನೆ.”

“ಕಲ್ಪನೆ ಇಷ್ಟು ಗಟ್ಟಿಯಾಗಿ ಮಂಚದ ಮೇಲೆ ಕೂರಲ್ಲ” ಎಂದರು.

ಕಿವಿಯಣ್ಣ ಗಾಜಿನಾಚೆಯಿಂದ ಹೆಬ್ಬೆರಳೆತ್ತಿದ. ನನಗೆ ಇದ್ದದ್ದು ಒಂದೇ ಭಯ, ಯಾರೂ ನಗದಿದ್ದರೆ? ಜಾಸ್ತಿ ನಕ್ಕರೆ ಎಂಬ ಭಯವೊಂದು ಇರಬಹುದೆಂದು, ಭಯಪಡುವುದರಲ್ಲಿ ಇಷ್ಟು ಪಳಗಿದ ನನಗೂ ಹೊಳೆಯಲಿಲ್ಲ.

ವಿಡಿಯೋ ತೋರಿಸಿದ್ದು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ. ಹಿಡಿದು ನಡೆಯುವ ಜೋಡಿ ಕಂಬಿಗಳು, ಗೋಡೆಯುದ್ದದ ಕನ್ನಡಿ, ಸಾಲಾಗಿ ಹಿಡಿಯಿರುವ ಕುರ್ಚಿಗಳು. ನಾನು ಒಳಗೆ ಕಾಲಿಟ್ಟಾಗ ಎರಡನೇ ಸಾಲಿನಲ್ಲಿ ಅತ್ತೆ ಕೂತಿದ್ದರು! ಪಕ್ಕದಲ್ಲಿ ನಾದಿನಿ. ಆ ದಿನದ ಗುಂಪಿನಲ್ಲಿ ಅತ್ತೆಯ ಸರದಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಓಡಿಹೋಗಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ. ಗಂಭೀರ ಮುಖದ ಹೆಣ್ಣುಮಗಳು, ನಗುವನ್ನು ಅಳೆದು ಖರ್ಚು ಮಾಡುವವಳು.

“ನಿಮ್ಮವರು ಅಂದ್ರೆ ಅವರ ಉತ್ತರ ಲೆಕ್ಕಕ್ಕೆ ತಗೊಳ್ಳಲ್ಲ. ಕೂತು ನೋಡ್ಲಿ ಬಿಡಿ” ಎಂದಳು.

ಅತ್ತೆಯ ಉತ್ತರ ನನ್ನ ಚಿಂತೆಯಾಗಿರಲಿಲ್ಲ. ನಾದಿನಿಗೆ ತಾನೇ ಎಂದು ಗೊತ್ತಾಗಿಬಿಟ್ಟರೆ? ನುಸುಳಿಹೋಗಲು ಬಾಗಿಲು ಹುಡುಕಿದೆ. ಬಾಗಿಲಿಗೆ ಪ್ರೊಜೆಕ್ಟರಿನ ತಂತಿ ಅಡ್ಡವಾಗಿತ್ತು. ಗೋಡೆಗೊರಗಿ ನಿಂತು, ಕನ್ನಡಿಯಲ್ಲಿ ಎಲ್ಲರ ಮುಖ ನೋಡತೊಡಗಿದೆ.

ಕೋಣ ಬಂತು, ಕಿನ್ನರಿ ಬಂತು. ಗಂಡಸರ ಕಡೆ ತಿರುಗಿ ಹೆಂಗಸರು ನಕ್ಕರು. ನನಗೆ ಉಸಿರು ಬಂತು. ಆಮೇಲೆ ನಾದಿನಿ ಬಂದಳು.

“...ಒಂದು ತಿಂಗಳಾದ್ರೂ ಏಳಲೇ ಇಲ್ಲ, ಅವಳು!”

ಇಡೀ ಕೋಣೆ ನಗುವಿನಿಂದ ಸಿಡಿದಂತಾಯಿತು. ಊರುಗೋಲುಗಳು ನೆಲಕ್ಕೆ ಬಿದ್ದವು. ಮುಂದಿನ ಸಾಲಿನ ದಪ್ಪನೆಯ ಹೆಂಗಸು ಪಕ್ಕದವಳ ತೊಡೆಗೆ ಹೊಡೆದು, “ನಮ್ಮನೇಲೂ ಒಬ್ಳಿದಾಳೆ ಕಣ್ರೀ!” ಎಂದಳು. “ನಿಮ್ಮನೇಲಿ ಒಬ್ಳು, ನಮ್ಮನೇಲಿ ಜೋಡಿ” ಎಂದಳು ಪಕ್ಕದವಳು. ಮುದುಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ನಾದಿನಿಯೇ. “ಅಮ್ಮಾ, ಥೇಟ್ ನನ್ನ ನಾದಿನಿ! ಥೇಟ್ ಅವಳೇ!” ಎಂದು ಅಮ್ಮನ ಹೆಗಲು ಹಿಡಿದು ಅಲ್ಲಾಡಿಸಿದಳು. ಅತ್ತೆ ಮಗಳನ್ನೊಮ್ಮೆ ನೋಡಿದರು, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ತೇಲುತ್ತಿದ್ದೆ. ಆ ಗದ್ದಲದ ಆಚೆ ಪರದೆಯ ಹೆಂಗಸು ದಿಂಬು ಹಿಡಿದು ಏನೋ ಹೇಳುತ್ತಿದ್ದಳು. ಕಂಠಮ್ಮನ ಧ್ವನಿ ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ಕಳೆದುಹೋಯಿತು.

ಪ್ರಶ್ನೆ ಕೇಳುವ ಕೆಲಸ ಮುಗಿಸಿ ಫಿಸಿಯೋಥೆರಪಿಸ್ಟ್ ಹೊರಗೆ ಬಂದಳು.

“ಕೂರೋದು, ಏಳೋದು, ಮೆಟ್ಟಿಲು ಹತ್ತೋದು, ಎಲ್ಲ ಸರಿಯಾಗಿ ಹೇಳಿದ್ರು. ಇಷ್ಟು ಚೆನ್ನಾಗಿ ಯಾವ ವಿಡಿಯೋನೂ ನೋಡಿಲ್ಲ ಇವ್ರು.”

“ದಿಂಬು?”

“ಮೂರು ಜನ ಮಾತ್ರ ಹಿಮ್ಮಡಿ ಅಂದ್ರು. ಉಳಿದವರು ಮಂಡಿ ಕೆಳಗೆ ಅಂದ್ರು. ಒಬ್ರು, ದಿಂಬು ಎಲ್ಲಿ ಬಂತು, ನಾದಿನಿ ಅಲ್ವಾ ಬಂದಿದ್ದು ಅಂದ್ರು.”

ನನ್ನ ಮುಖ ಏನಾಯಿತೋ, ಅವಳ ದನಿ ಮೆದುವಾಯಿತು. “ನೋಡಿ, ನಂಗೂ ನಗು ಬಂತು. ಆದ್ರೆ ಅವ್ರ ಕಾಲು ನೆಟ್ಟಗಾಗದಿದ್ರೆ ಆ ನಗು ತಗೊಂಡು ನಾನೇನು ಮಾಡ್ಲಿ? ಬರೋ ವಾರ ಬೇರೆ ಗುಂಪಿದೆ. ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಒಣ ಪ್ರತಿ.”

ಮೂಲದ ಹಾಸ್ಯ ಏಕೆ ಅಷ್ಟು ಸಪ್ಪೆಯಾಗಿತ್ತೆಂದು ಆಗ ತಿಳಿಯಿತು. ಅಲ್ಲಿ ಅದನ್ನು ಬರೆದವರು ಜಾಣರು. ದಿಂಬಿಗೆ ಮುಂಚೆ ಮುಗುಳ್ನಗೆಯಷ್ಟೇ ಬೇಕಿತ್ತು ಅವರಿಗೆ. ನಾನು ಮುಗುಳ್ನಗೆಯ ಜಾಗದಲ್ಲಿ ಪಟಾಕಿ ಇಟ್ಟಿದ್ದೆ. ಮಾತಿನ ಅರ್ಥ ತೂಗಿದೆ, ಉದ್ದ ತೂಗಿದೆ, ತುಟಿ ತೂಗಿದೆ. ನಗುವಿನ ತೂಕ ನೋಡಲಿಲ್ಲ.

ಸ್ಟುಡಿಯೋದಲ್ಲಿ ಪಂಚಾಯಿತಿ ಕೂತಿತು. “ನಗು ಮುಗಿಯೋವರೆಗೂ ಚಿತ್ರ ನಿಲ್ಲಿಸಿ” ಎಂದರು ಕಂಠಮ್ಮ. ಚಿತ್ರ ಮುಟ್ಟುವಂತಿಲ್ಲ. “ಹಾಗಾದ್ರೆ ನಾದಿನೀನ ತೆಗೀರಿ” ಎಂದ ಕಿವಿಯಣ್ಣ, ಮರುಗಳಿಗೆ ತಾನೇ “ಬೇಡ ಬೇಡ, ಪಾಪ” ಎಂದ. ನಾನು ಅವಳನ್ನು ಸ್ವಲ್ಪ ಸಪ್ಪೆ ಮಾಡಲು ನೋಡಿದೆ. ನಾದಿನಿಯನ್ನು ನೆರೆಮನೆಯವಳನ್ನಾಗಿ ಮಾಡಿದೆ, ಒಂದು ತಿಂಗಳನ್ನು ಒಂದು ಗಂಟೆ ಮಾಡಿದೆ. ಕಂಠಮ್ಮ ಓದಿ, “ಇದು ನಗುವೂ ಅಲ್ಲ, ಅಳುವೂ ಅಲ್ಲ. ಬಾಯಿ ತೆರೆದ್ರೆ ಆಕಳಿಕೆ ಬರುತ್ತೆ” ಎಂದರು.

ಮನೆಗೆ ಬಂದಾಗ ದಿಂಬು ಅದರ ಹಳೆಯ ಜಾಗದಲ್ಲಿ, ಮಂಡಿಯ ಕೆಳಗೆ, ಸುಖವಾಗಿತ್ತು. ನಾದಿನಿ ಅವಳ ಜಾಗದಲ್ಲಿ. ಅವಳ ಓರಗಿತ್ತಿಯ ಕಥೆ ನಡೆದಿತ್ತು. ನಾನು ಕೈಕಾಲು ತೊಳೆದು ಬಾಗಿಲಲ್ಲಿ ನಿಂತೆ.

“...ಬೀರು ತೆಗೆದು ನೋಡ್ತಾಳೆ, ಸೀರೆ ಇಲ್ಲ! ನನ್ನ ಕಡೆ ತಿರುಗಿದ್ಲು. ಕಣ್ಣು ಹೀಗೆ. ಏನಂದ್ಲು ಗೊತ್ತಾ ಅಮ್ಮಾ?”

“ಏನಂದ್ಲೇ?” ಅತ್ತೆ ತಲೆದಿಂಬಿನಿಂದ ತಲೆ ಎತ್ತಿದ್ದರು.

“ಹೇಳ್ತೀನಿ. ಮೊದ್ಲು ಈ ಮಾತ್ರೆ ನುಂಗು.”

“ಕಹಿ ಕಣೇ, ಆಮೇಲೆ...”

“ಹಾಗಾದ್ರೆ ಕಥೇನೂ ಆಮೇಲೆ.”

ಅತ್ತೆ ಗುಳುಂ ಎಂದು ಮಾತ್ರೆ ನುಂಗಿದರು. ನಾನು ಕೊಟ್ಟರೆ ಅರ್ಧ ಗಂಟೆ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದ ಮಾತ್ರೆ. ನಾದಿನಿ ಆಮೇಲೆ ಕಥೆ ಮುಗಿಸಿದಳು, ಇಬ್ಬರೂ ಕಿಸಿಕಿಸಿ ನಕ್ಕರು. ಸೀರೆ ಎಲ್ಲಿತ್ತೆಂದು ನನಗೆ ಕೇಳಿಸಲೇ ಇಲ್ಲ. ನನ್ನ ತಲೆ ಆಗಲೇ ಸ್ಟುಡಿಯೋ ಸೇರಿತ್ತು. ನಗಿಸಿದ ಮೇಲೆ ಕಿವಿ ಮುಚ್ಚುತ್ತದೆ. ಏನಾಯಿತು ಎಂದು ಕಾಯಿಸಿದರೆ ತೆರೆಯುತ್ತದೆ. ಕಹಿ ಮಾತ್ರೆಯನ್ನು ಆಗ ಹಾಕಬೇಕು.

ಬೆಳಿಗ್ಗೆ ಕಿವಿಯಣ್ಣನಿಗೆ ಆ ಭಾಗವನ್ನು ಮತ್ತೆ ಮತ್ತೆ ಓಡಿಸಲು ಹೇಳಿದೆ. ಕೆಂಪು ಸಾಲು ಮುಗಿದ ಮೇಲೆ ಆ ಹೆಂಗಸು ಆಚೆ ತಿರುಗಿ, ಹಿಮ್ಮಡಿಯ ಕೆಳಗೆ ದಿಂಬನ್ನು ಸರಿಪಡಿಸುತ್ತಾಳೆ. ಆಗ ಕಾಣುವುದು ಬೆನ್ನು ಮಾತ್ರ. ಮೂಲದಲ್ಲಿ ಅಲ್ಲಿ ಮಾತಿಲ್ಲ, ಅದರ ಮುಂದೆಯೂ ಅವಳು ಸುಮ್ಮನೆ ಕಾಲು ಚಾಚಿ ತೋರಿಸುವ ಹೊತ್ತು.

“ಬಾಯಿ ಕಾಣಲ್ಲ” ಎಂದೆ.

“ಬಾಯಿ ಕಾಣದಿದ್ರೆ ಏನು ಬೇಕಾದ್ರೂ ಮಾತಾಡಬಹುದು” ಎಂದ ಕಿವಿಯಣ್ಣ. “ನಮ್ಮನೇಲೂ ಅದೇ ನಿಯಮ, ನಾನು ಬೆನ್ನು ತಿರುಗಿಸಿದ ಮೇಲೆ.”

ಮಾತಿಲ್ಲದ ಕಡೆ ಮಾತು ಸೇರಿಸಲು ಸಂಸ್ಥೆಯ ಒಪ್ಪಿಗೆ ಬೇಕು. ಕಾರಣ ವಿವರಿಸಿ ಬರೆದೆ. ಈ ಸಲ ಒಂದೇ ದಿನದಲ್ಲಿ ಉತ್ತರ: ‘ಒಪ್ಪಿದ್ದೇವೆ. ನಾದಿನಿ ನಮ್ಮ ಕಚೇರಿಯಲ್ಲೂ ಎಲ್ಲರಿಗೂ ಪರಿಚಿತಳು. ಕೋಣ ಕ್ಷೇಮವೇ?’

ಹೊಸ ಸಾಲುಗಳು ಹೀಗಾದವು. ದಿಂಬಿಗೆ ಮುಂಚೆ: ‘ನನ್ನ ಆಪರೇಷನ್ ಆದಾಗ ನಮ್ಮ ನಾದಿನಿ ದಿಂಬು ಹಿಡ್ಕೊಂಡು ಓಡಿ ಬಂದ್ಲು, “ಏಳ್ಬೇಡ ಅತ್ತಿಗೆ!” ಅಂತ. ಆಮೇಲೆ ಏನಾಯ್ತು ಹೇಳ್ತೀನಿ, ಮೊದ್ಲು ಇದನ್ನ ಕೇಳಿ.’ ಆಮೇಲೆ ಕೆಂಪು ಸಾಲು, ಒಂದಕ್ಷರವೂ ಕದಲದೆ. ಅವಳು ಬೆನ್ನು ತಿರುಗಿಸಿದ ಮೇಲೆ: ‘ಹ್ಞಾ, ನಾದಿನಿ. ವಾರಕ್ಕೆ ನಾನು ಎದ್ದೆ. ಒಂದು ತಿಂಗಳಾದ್ರೂ ಏಳಲೇ ಇಲ್ಲ, ಅವಳು!’

ಸೋಮವಾರ ಬೇರೆ ಹತ್ತು ಜನ. ನಾನು ಕನ್ನಡಿಯಲ್ಲಿ ನೋಡುತ್ತ ನಿಂತೆ. ನಾದಿನಿ ದಿಂಬು ಹಿಡಿದು ಓಡಿಬಂದಳು. ಕುತ್ತಿಗೆಗಳು ಮುಂದಕ್ಕೆ ಚಾಚಿದವು. ‘ಮೊದ್ಲು ಇದನ್ನ ಕೇಳಿ’ ಎಂದಾಗ ಒಬ್ಬಾಕೆ ಮಾತಾಡುತ್ತಿದ್ದ ಗಂಡನಿಗೆ “ಶ್!” ಎಂದಳು. ಕೆಂಪು ಸಾಲು ಆ ನಿಶ್ಶಬ್ದದಲ್ಲಿ, ತೊಳೆದಿಟ್ಟ ಲೋಟದಂತೆ ಸ್ವಚ್ಛವಾಗಿ, ಒಂದೊಂದಕ್ಷರವೂ ಕೇಳಿಸಿತು. ಆಮೇಲೆ ನಗು ಸಿಡಿಯಿತು, ಎಷ್ಟು ಬೇಕಾದರೂ ನಗಲಿ ಎಂಬಂಥ ಜಾಗದಲ್ಲಿ.

ಫಿಸಿಯೋಥೆರಪಿಸ್ಟ್ ಹೊರಗೆ ಬಂದಳು. “ಹತ್ತರಲ್ಲಿ ಒಂಬತ್ತು ಹಿಮ್ಮಡಿ.”

“ಇನ್ನೊಬ್ರು?”

“ಅವ್ರು ನಾದಿನಿಗೆ ಕೊಡಿ ಅಂದ್ರು, ದಿಂಬನ್ನ.” ಅವಳು ಕೂಡಿಟ್ಟ ನಗುವನ್ನೆಲ್ಲ ಒಮ್ಮೆಲೇ ಖರ್ಚು ಮಾಡಿದಳು. “ಭುಜದ ವಿಡಿಯೋ ಯಾವಾಗ ಶುರು ಮಾಡ್ತೀರಿ?”

ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ಕಿವಿಯಣ್ಣನಿಗೂ ಕಂಠಮ್ಮನಿಗೂ ಫೋನ್ ಮಾಡಿದೆ.

ಮರುದಿನ ಆಸ್ಪತ್ರೆಯವರು ಎಲ್ಲ ರೋಗಿಗಳ ಫೋನಿಗೂ ಹೊಸ ವಿಡಿಯೋ ಕಳಿಸಿದರು. ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ಕಂಠಮ್ಮನ ಧ್ವನಿ ಕೇಳಿಸಿತು. ‘ಆಮೇಲೆ ಏನಾಯ್ತು ಹೇಳ್ತೀನಿ, ಮೊದ್ಲು ಇದನ್ನ ಕೇಳಿ.’ ನಾನು ಬಾಗಿಲ ಹಿಂದೆಯೇ ನಿಂತೆ. ಕೆಂಪು ಸಾಲು ಬಂತು. ನಾದಿನಿಯ ಸಾಲೂ ಬಂತು. ಅತ್ತೆ ನಕ್ಕರು. ನನ್ನ ನಾದಿನಿ ನಗಲಿಲ್ಲ.

ಬಾಗಿಲ ಸಂದಿಯಿಂದ ನೋಡಿದೆ. ಅವಳು ಫೋನನ್ನು ಕೆಳಗಿಟ್ಟು, ಅಮ್ಮನ ಮಂಡಿಯ ಕೆಳಗಿದ್ದ ದಿಂಬನ್ನು ನೋಡುತ್ತಿದ್ದಳು. ಆಮೇಲೆ ಅದನ್ನು ಮೆಲ್ಲನೆ ಎಳೆದಳು.

“ಅಮ್ಮಾ, ಕಾಲೆತ್ತು.”

“ಯಾಕೇ? ಹಾಯಾಗಿತ್ತಲ್ಲ.”

“ಹಾಯಾಗಿರೋದೇ ತಪ್ಪಂತೆ. ಎತ್ತು.” ಹಿಮ್ಮಡಿಯ ಕೆಳಗೆ ದಿಂಬಿಟ್ಟು, ಎರಡು ಸಲ ತಟ್ಟಿದಳು. ತಲೆಯೆತ್ತದೆಯೇ, “ಅತ್ತಿಗೆ, ಬಾಗಿಲ ಹಿಂದೆ ಎಷ್ಟೊತ್ತು ನಿಲ್ತೀರಿ, ಬನ್ನಿ ಒಳಗೆ” ಎಂದಳು.

ಕಳ್ಳಿಯಂತೆ ಒಳಗೆ ಹೋದೆ. ಅತ್ತೆ ಆಗಲೇ ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದರು.

“ದಿಂಬು ಹಿಡ್ಕೊಂಡು ಬರೋ ನಾದಿನಿ ನನಗಿಲ್ಲ. ನನ್ನ ನಾದಿನಿ ಬರಿಗೈಲಿ ಬರ್ತಾಳೆ” ಎಂದಳು. “ಹೋದ್ಸಲ ತಿಳೀಲಿಲ್ಲ. ಈ ಸಲ ದಿಂಬು ನೋಡಿದ ಮೇಲೆ ಅದು ನಾನೇ ಅಂತ ತಿಳೀತು.”

“ಅದು... ಹಾಗಲ್ಲ ಕಣೇ, ಸ್ಕ್ರಿಪ್ಟಿಗೆ ಬೇಕಿತ್ತು, ಅಲ್ಲಿ ಅವರ ದೇಶದಲ್ಲಿ ಕಾರಿಗೆ ಹೊದಿಸೋ...”

“ತಪ್ಪಾಗಿದೆ ಅತ್ತಿಗೆ.”

“ಏನು ತಪ್ಪು?”

“ಒಂದು ತಿಂಗಳು ಅಂತ ಬರೆದಿದ್ದೀರಿ. ನಾನು ಬಂದು ಮೂರೇ ವಾರ ಆಯ್ತು.” ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಸರಿಯಾಗಿ ಕೂತಳು. “ಓದಿದವರ ಮಾತು ಸುಳ್ಳಾಗಬಾರದು. ಇನ್ನೊಂದು ವಾರ ಇರ್ತೀನಿ.”